‘ಬೆಟ್ಟು’ ಎಂದರೆ ಬೆಟ್ಟವಲ್ಲ: ಸಂಬಳ ಬಿಡುವ ಮುನ್ನ ನಾನು ಆರಿಸಿಕೊಂಡ ಕೆಲಸ

ಕಾಸರಗೋಡಿನ ಒಂದು ಖಾಸಗಿ ಹಣಕಾಸು ಸಂಸ್ಥೆಯಲ್ಲಿ ನಾನು ಹನ್ನೊಂದು ವರ್ಷ ಸಾಲದ ಕಡತಗಳನ್ನು ಪರಿಶೀಲಿಸುವ ಕೆಲಸ ಮಾಡಿದೆ. ಬಿಡುವಾಗ ನನ್ನ ಸಂಬಳ 23,500 ರೂಪಾಯಿ ಇತ್ತು. ಬದಿಯಡ್ಕದ ಹತ್ತಿರ ಗಂಡನ ಅಡಿಕೆ ತೋಟವಿದ್ದರೂ ಅದರ ಹಣ ವರ್ಷಕ್ಕೊಮ್ಮೆ ಬರುವಂಥದ್ದಾದ್ದರಿಂದ ತಿಂಗಳ ಖರ್ಚಿಗೆ ನನ್ನ ಸಂಬಳವೇ ಆಧಾರವಾಗಿತ್ತು. ಆದುದರಿಂದ ಕೆಲಸ ಬಿಟ್ಟು ಸ್ವತಂತ್ರವಾಗಿ ದುಡಿಯಬೇಕೆಂದು ತೀರ್ಮಾನಿಸಿದಾಗ, ಯಾವ ಕೆಲಸವನ್ನು ಹಿಡಿಯಬೇಕೆಂಬುದನ್ನು ಬಿಡುವ ಮೊದಲೇ ನಿರ್ಧರಿಸಿಕೊಳ್ಳಬೇಕಾಯಿತು. ಅದಕ್ಕೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಆ ಒಂಬತ್ತು ತಿಂಗಳಲ್ಲಿ ನಡೆದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಾನು ಮಾಡಿದ್ದು ಹೆಚ್ಚಿನವರು ಮಾಡುವುದನ್ನೇ. ಒಂದು ಹಾಳೆಯಲ್ಲಿ ನನಗೆ ಗೊತ್ತಿರುವ ವಿಷಯಗಳನ್ನು ಬರೆದೆ: ಕನ್ನಡ, ಮಲಯಾಳ, ಸಾಧಾರಣ ಇಂಗ್ಲಿಷ್, ಟ್ಯಾಲಿ, ಟೈಪಿಂಗ್. ಈ ಪಟ್ಟಿಯಿಂದ ಏನೂ ಪ್ರಯೋಜನವಾಗಲಿಲ್ಲ, ಏಕೆಂದರೆ ನಮ್ಮ ಊರಿನಲ್ಲಿ ಇದೇ ಪಟ್ಟಿಯನ್ನು ಬರೆಯಬಲ್ಲವರು ಬೀದಿಗೊಬ್ಬರು ಸಿಗುತ್ತಾರೆ. ಆಮೇಲೆ ಬೇರೆ ರೀತಿಯಲ್ಲಿ ಬರೆಯಲು ತೊಡಗಿದೆ. ಎರಡು ವಾರ ಕಾಲ ದಿನವೂ ಸಂಜೆ, ಆ ದಿನ ಕಚೇರಿಯಲ್ಲಿ ಯಾರು ಯಾವ ಕಾಗದವನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದರು, ಅವರಿಂದ ಆಗದೆ ಇದ್ದದ್ದು ಯಾವುದು, ನಾನು ಮಾಡಿಕೊಟ್ಟದ್ದು ಯಾವುದು ಎಂದು ಮೂರು ಸಾಲಿನಲ್ಲಿ ಬರೆದಿಟ್ಟೆ. ಹದಿನಾಲ್ಕು ದಿನಗಳ ಬರಹದಲ್ಲಿ ಒಂದು ವಿಷಯ ಏಳು ಸಲ ಬಂದಿತ್ತು. ಕೇರಳದ ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಅಧಿಕಾರಿಗಳು ಸಾಲದ ಕಡತದೊಳಗಿನ ಹಳೆಯ ಕನ್ನಡ ದಸ್ತಾವೇಜುಗಳನ್ನು ನನ್ನ ಮುಂದಿಟ್ಟು, ಇದರಲ್ಲಿ ಏನಿದೆ ಎಂದು ಕೇಳಿದ್ದರು. ಅದು ನನ್ನ ಹುದ್ದೆಯ ಕೆಲಸವಾಗಿರಲಿಲ್ಲ, ಅದಕ್ಕೆ ಸಂಬಳವೂ ಇರಲಿಲ್ಲ, ಹಾಗಾಗಿ ಮೊದಲ ಪಟ್ಟಿಯನ್ನು ಬರೆಯುವಾಗ ಅದು ನನ್ನ ನೆನಪಿಗೇ ಬಂದಿರಲಿಲ್ಲ.

ಈ ಕೆಲಸ ನನಗೆ ಹೇಗೆ ಬಂತೆಂದರೆ, ನನ್ನ ಸೋದರಮಾವ ದಸ್ತಾವೇಜು ಬರಹಗಾರರಾಗಿದ್ದರು. ಶಾಲೆಯ ರಜೆಯಲ್ಲಿ ಅವರಿಗೆ ಹಳೆಯ ಪತ್ರಗಳನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ಕಾಲದ ಮೂಲಗೇಣಿ ಚೀಟು, ಪಾಲುಪಟ್ಟಿ, ಮರಣಶಾಸನಗಳಲ್ಲಿ ಬಹಳಷ್ಟು ಕನ್ನಡದಲ್ಲಿವೆ; ಕೇರಳಕ್ಕೆ ಸೇರಿದ ನಂತರವೂ ಎಷ್ಟೋ ವರ್ಷ ಕನ್ನಡದಲ್ಲಿ ಬರೆಸಿದವರಿದ್ದಾರೆ. ಲೇಖನಿಯನ್ನೆತ್ತದೆ ಕೂಡಿಸಿ ಬರೆದ ಆ ಕೈಬರಹವನ್ನು ಓದಲು ಕನ್ನಡ ಬಂದರೆ ಮಾತ್ರ ಸಾಲದು, ಆ ಕಾಲದ ಜಮೀನಿನ ಮಾತುಗಳೂ ತಿಳಿದಿರಬೇಕು.

ಆದರೂ ತಕ್ಷಣ ಇದನ್ನೇ ಆರಿಸಿಕೊಳ್ಳಲಿಲ್ಲ. ನನಗೆ ಬರುವ ಕೆಲಸ ಎಂಬುದೊಂದೇ ಕಾರಣದಿಂದ ಅದಕ್ಕೆ ಹಣ ಕೊಡುವವರಿದ್ದಾರೆ ಎಂದು ನಂಬುವ ಧೈರ್ಯ ನನಗಿರಲಿಲ್ಲ. ಮೂರು ಕೆಲಸಗಳನ್ನು ಎದುರುಬದುರಾಗಿ ಇಟ್ಟುಕೊಂಡು, ಒಂದೊಂದನ್ನೂ ಸಂಜೆಯ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಮಾಡಿ ನೋಡಿದೆ.

ಅಂಗಡಿಗಳ ಲೆಕ್ಕ ಬರೆಯುವ ಕೆಲಸದ ವಿಚಾರ ಬೇಗ ಮುಗಿಯಿತು. ಪೇಟೆಯ ನಾಲ್ಕು ಅಂಗಡಿಯವರನ್ನು ಕೇಳಿದಾಗ ನಾಲ್ವರೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೇ ಲೆಕ್ಕವನ್ನೂ ಸೇರಿಸಿ ಕೊಡುತ್ತಿದ್ದರು. ನಾನು ಲೆಕ್ಕವನ್ನಷ್ಟೇ ಬರೆದುಕೊಟ್ಟರೆ ಅವರಿಗೆ ಇನ್ನೊಬ್ಬರಿಗೆ ಹಣ ಕೊಡುವ ಕಷ್ಟವೇ ಹೊರತು ಲಾಭವಿರಲಿಲ್ಲ.

ಎರಡನೆಯದು ಇಂಗ್ಲಿಷಿನಿಂದ ಕನ್ನಡಕ್ಕೆ ಆನ್‌ಲೈನ್ ಅನುವಾದ. ಇದರಲ್ಲಿ ನನಗೆ ಆಸೆಯಿತ್ತು. ಮೂರು ಕಡೆ ಹೆಸರು ಕೊಟ್ಟು, ಸಂಬಳವಿಲ್ಲದ ಪರೀಕ್ಷೆಗಳನ್ನು ಬರೆದು, ಕೊನೆಗೆ ಒಂದು ಕಡೆಯಿಂದ ಪದಕ್ಕೆ 70 ಪೈಸೆಯಂತೆ ಕೆಲಸ ಸಿಕ್ಕಿತು. ಗಂಟೆಗೆ 250 ಪದ ಸರಿಯಾಗಿ ಮಾಡಿದರೆ 175 ರೂಪಾಯಿ. ಕೇಳಲು ಇದು ಕಡಮೆಯೇನಲ್ಲ. ಆದರೆ ಐದು ವಾರಗಳಲ್ಲಿ ಬಂದ ಕೆಲಸ ಒಟ್ಟು ಹದಿನಾಲ್ಕು ಗಂಟೆಯದು. ದರಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವನ್ನು ಅಲ್ಲಿ ಗಮನಿಸಿದೆ. ಆ ಕೆಲಸ ಕೊಡುವವರಿಗೆ ನಾನು ಯಾರೆಂಬುದು ಮುಖ್ಯವಾಗಿರಲಿಲ್ಲ. ಕನ್ನಡ ಬರೆಯಬಲ್ಲ ಯಾರಾದರೂ ಆಗುತ್ತಿತ್ತು. ಹನ್ನೊಂದು ವರ್ಷ ಕಡತ ನೋಡಿದ ಅನುಭವಕ್ಕಾಗಲಿ, ನನಗೆ ಗೊತ್ತಿರುವ ಮಲಯಾಳಕ್ಕಾಗಲಿ ಅಲ್ಲಿ ಒಂದು ಪೈಸೆಯೂ ಹೆಚ್ಚು ಸಿಗುತ್ತಿರಲಿಲ್ಲ.

ಉಳಿದದ್ದು ಹಳೆಯ ದಸ್ತಾವೇಜು. ಇದಕ್ಕೆ ಬೇಡಿಕೆ ಇದೆಯೇ ಎಂದು ತಿಳಿಯಲು ಅಂತರ್ಜಾಲದಲ್ಲಿ ಹುಡುಕಿ ಪ್ರಯೋಜನವಿರಲಿಲ್ಲ, ಏಕೆಂದರೆ ಇಂಥ ಕೆಲಸಕ್ಕೆ ಯಾರೂ ಜಾಹೀರಾತು ಹಾಕುವುದಿಲ್ಲ. ವಿದ್ಯಾನಗರದ ನ್ಯಾಯಾಲಯದ ಸುತ್ತಮುತ್ತ, ಮತ್ತೆ ಮಂಜೇಶ್ವರ, ಕುಂಬಳೆಗಳಲ್ಲಿ ಒಟ್ಟು ಒಂಬತ್ತು ಮಂದಿ ವಕೀಲರನ್ನು ಶನಿವಾರಗಳಂದು ಭೇಟಿಯಾದೆ. ಮೊದಲ ಇಬ್ಬರೊಡನೆ ಕೇಳಿದ ಪ್ರಶ್ನೆ ತಪ್ಪಾಗಿತ್ತು. “ನಾನು ಇಂಥ ಕೆಲಸ ಮಾಡಿಕೊಟ್ಟರೆ ನಿಮಗೆ ಉಪಯೋಗವಾದೀತೇ?” ಎಂದು ಕೇಳಿದ್ದೆ. ಇಬ್ಬರೂ ಸೌಜನ್ಯದಿಂದ “ಖಂಡಿತ, ಒಳ್ಳೆಯದು” ಎಂದರು. ಅದರಿಂದ ನನಗೆ ಏನೂ ತಿಳಿಯಲಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ಬೇರೆ ಏನು ತಾನೇ ಹೇಳುತ್ತಾರೆ? ಮೂರನೆಯವರಿಂದ ಆಚೆಗೆ ಪ್ರಶ್ನೆಯನ್ನು ಬದಲಾಯಿಸಿದೆ. ಕಳೆದ ಮೂರು ತಿಂಗಳಲ್ಲಿ ಕನ್ನಡ ದಸ್ತಾವೇಜು ಓದಲಾಗದೆ ನಿಂತುಹೋದ ಕಡತಗಳು ಎಷ್ಟು, ಆಗ ನೀವು ಏನು ಮಾಡಿದಿರಿ, ಅದಕ್ಕೆ ಯಾರಿಗೆ ಎಷ್ಟು ಕೊಟ್ಟಿರಿ ಎಂದು ಕೇಳತೊಡಗಿದೆ. ನಡೆದುಹೋದದ್ದನ್ನು ಕೇಳಿದರೆ ಜನ ಲೆಕ್ಕ ಹಾಕಿ ಹೇಳುತ್ತಾರೆ. ಮೊದಲಿಬ್ಬರ ಬಳಿಗೂ ಮತ್ತೆ ಹೋಗಿ ಇದನ್ನೇ ಕೇಳಿದೆ.

ಒಂಬತ್ತು ಮಂದಿಯಲ್ಲಿ ಐವರಿಗೆ ಅಂಥ ತೊಂದರೆಯೇ ಇರಲಿಲ್ಲ. ಅವರೇ ಓದುತ್ತಿದ್ದರು, ಇಲ್ಲವೇ ಅವರ ಹಿರಿಯ ಗುಮಾಸ್ತರು ಓದುತ್ತಿದ್ದರು. ಉಳಿದ ನಾಲ್ವರಿಗೆ ಸೇರಿ ಮೂರು ತಿಂಗಳಲ್ಲಿ 17 ಕಡತಗಳು. ಅವರಲ್ಲಿ ಒಬ್ಬರು, ನಲವತ್ತರೊಳಗಿನ ವಕೀಲರು, ಮೇಜಿನ ಕೆಳಗಿನಿಂದ ಒಂದು ಕಟ್ಟನ್ನು ತೆಗೆದು ತೋರಿಸಿದರು.

“ಅಕ್ಕಾ, ಇದು ನಾಲ್ಕು ವಾರದಿಂದ ಇಲ್ಲೇ ಇದೆ. ಬ್ಯಾಂಕಿನವರು ದಿನಾ ಫೋನು ಮಾಡುತ್ತಾರೆ. ಓದಿ ಕೊಡುತ್ತಿದ್ದ ಗುಮಾಸ್ತರು ತೀರಿಕೊಂಡರು. ನನಗೆ ಪೂರ್ತಿ ಭಾಷಾಂತರ ಬೇಡ, ಯಾವ ಪುಟದಲ್ಲಿ ನನಗೆ ಬೇಕಾದದ್ದು ಇದೆ ಎಂದು ಮೊದಲು ಹೇಳಿ.”

ಈ ಒಂದು ಮಾತು ನನ್ನ ಯೋಚನೆಯನ್ನು ಬದಲಿಸಿತು. ನಾನು ಮಾರಲು ಹೊರಟಿದ್ದದ್ದು ಅನುವಾದ. ಅವರು ಕೊಳ್ಳಲು ಸಿದ್ಧರಿದ್ದದ್ದು ಅನುವಾದಕ್ಕಿಂತ ಮೊದಲಿನ ಒಂದು ಹಂತ. ದಸ್ತಾವೇಜು ಯಾವ ಬಗೆಯದು, ಯಾರಿಂದ ಯಾರಿಗೆ, ನೋಂದಣಿಯ ಸಂಖ್ಯೆ ಮತ್ತು ವರ್ಷ, ತಪಶೀಲಿನ ಸರ್ವೆ ನಂಬ್ರ ಮತ್ತು ವಿಸ್ತೀರ್ಣ, ನಾಲ್ಕು ಗಡಿ, ಇದಕ್ಕಿಂತ ಹಿಂದಿನ ಯಾವ ದಸ್ತಾವೇಜನ್ನು ಇದು ಹೆಸರಿಸುತ್ತದೆ, ಇಷ್ಟನ್ನು ಎರಡು ಪುಟದ ಸಾರಾಂಶವಾಗಿ ಮಲಯಾಳ ಅಥವಾ ಇಂಗ್ಲಿಷಿನಲ್ಲಿ ಕೊಟ್ಟರೆ ವಕೀಲರು ಕಡತವನ್ನು ಮುಂದಕ್ಕೆ ಸಾಗಿಸಬಲ್ಲರು. ಪೂರ್ತಿ ಅನುವಾದ ಬೇಕಾಗುವುದು ವ್ಯಾಜ್ಯ ನ್ಯಾಯಾಲಯಕ್ಕೆ ಹೋದಾಗ. ಸಾಲದ ಕಡತ ನೋಡಿದ ಅನುಭವ ಇಲ್ಲಿ ನೇರವಾಗಿ ಕೆಲಸಕ್ಕೆ ಬಂತು. ಬ್ಯಾಂಕಿನ ಕಾನೂನು ಅಭಿಪ್ರಾಯಕ್ಕೆ ಯಾವ ವಿವರ ಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರ ಅನುಮತಿಯಿಂದ ಆ ಕಟ್ಟಿನಲ್ಲಿದ್ದ 1941ರ ಒಂದು ಮೂಲಗೇಣಿ ಚೀಟನ್ನು ಮೊದಲ ಕೆಲಸವಾಗಿ ತೆಗೆದುಕೊಂಡೆ. ಕೈಬರಹದ ಆರು ಪುಟ. ಅದಕ್ಕೆ ಹಿಂದೊಮ್ಮೆ ಬೆಂಗಳೂರಿನಿಂದ ಮಾಡಿಸಿ ತಂದ ಇಂಗ್ಲಿಷ್ ಅನುವಾದವೊಂದು ಕಡತದಲ್ಲೇ ಇತ್ತು. ಅದರಲ್ಲಿ ‘ಬೆಟ್ಟು’ ಎಂಬುದನ್ನು ಗುಡ್ಡ ಎಂದು ಬರೆಯಲಾಗಿತ್ತು. ನಮ್ಮ ಕಡೆ ಬೈಲು, ಮಜಲು, ಬೆಟ್ಟು ಎಂಬುವು ಗದ್ದೆಯ ಮೂರು ತರಗತಿಗಳು. ನೀರು ಹೆಚ್ಚು ನಿಲ್ಲುವ ತಗ್ಗಿನದು ಬೈಲು, ನಡುವಿನದು ಮಜಲು, ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ ಗದ್ದೆ ಬೆಟ್ಟು. ಗದ್ದೆಯನ್ನು ಗುಡ್ಡವೆಂದು ಬರೆದ ಕಾರಣ ಬ್ಯಾಂಕಿನವರು ಇದು ಬೇರೆಯೇ ಜಾಗವಿರಬೇಕೆಂದು ಸಂಶಯಪಟ್ಟಿದ್ದರು. ಅದೇ ಅನುವಾದದಲ್ಲಿ ಮೂಲಗೇಣಿ ಮತ್ತು ಚಾಲಗೇಣಿ ಎರಡಕ್ಕೂ ಗೇಣಿ ಎಂಬ ಒಂದೇ ಅರ್ಥದ ಮಾತನ್ನು ಹಾಕಿದ್ದರು. ಮೂಲಗೇಣಿ ಎಂದರೆ ಗೇಣಿ ಗೊತ್ತುಮಾಡಿ ಶಾಶ್ವತವಾಗಿ ಕೊಟ್ಟದ್ದು, ಚಾಲಗೇಣಿ ಎಂದರೆ ವರ್ಷ ವರ್ಷಕ್ಕೆ ನಡೆಸಿಕೊಂಡು ಬರುವುದು. ಹಕ್ಕಿನ ವಿಚಾರದಲ್ಲಿ ಇವೆರಡರ ನಡುವಿನ ಅಂತರ ದೊಡ್ಡದು.

ನಾನೂ ಒಂದು ತಪ್ಪು ಮಾಡಿದೆ. ತಪಶೀಲಿನಲ್ಲಿ ಮೂರು ತುಂಡುಗಳಿದ್ದವು, ಅಂಕಿಗಳೆಲ್ಲ ಕನ್ನಡದವು. ನಾನು ಓದಿದ್ದು 42 ಸೆಂಟ್, 1 ಎಕ್ರೆ 18 ಸೆಂಟ್, 33 ಸೆಂಟ್ ಎಂದು. ಕೊನೆಯಲ್ಲಿ ಬರೆದ ಒಟ್ಟು ಮೊತ್ತ ಮಾತ್ರ 1 ಎಕ್ರೆ 96 ಸೆಂಟ್ ಆಗಿತ್ತು. ನನ್ನ ಅಂಕಿಗಳನ್ನು ಕೂಡಿಸಿದರೆ 1 ಎಕ್ರೆ 93 ಸೆಂಟ್ ಆಗುತ್ತದೆ. ಮೂರು ಸೆಂಟಿನ ವ್ಯತ್ಯಾಸ ಎಲ್ಲಿಂದ ಬಂತೆಂದು ಮಸೂರ ಹಿಡಿದು ನೋಡಿದಾಗ, ಕೊನೆಯ ತುಂಡು ೩೩ ಅಲ್ಲ, ೩೬ ಎಂದು ತಿಳಿಯಿತು. ಬರಹಗಾರನ ೬ರ ಬಾಲ ಮಡಿಕೆಯ ಗೆರೆಯಲ್ಲಿ ಮಾಸಿಹೋಗಿತ್ತು. 196 ಸೆಂಟನ್ನು ಈಗಿನ ಅಳತೆಗೆ ಬದಲಾಯಿಸಿದರೆ, ಒಂದು ಸೆಂಟಿಗೆ 40.47 ಚದರ ಮೀಟರಿನಂತೆ, ನೂರು ಚದರ ಮೀಟರಿಗೆ ಒಂದು ಆರ್ ಎಂದು ಹಿಡಿದು, ಸುಮಾರು 79 ಆರ್ 32 ಚದರ ಮೀಟರ್ ಆಗುತ್ತದೆ. ಕಡತದಲ್ಲಿದ್ದ ಮಲಯಾಳದ ತೆರಿಗೆ ರಶೀದಿಯ ವಿಸ್ತೀರ್ಣ ಇದಕ್ಕೆ ಹೊಂದಿಕೆಯಾಯಿತು. ಅಂದಿನಿಂದ ತುಂಡುಗಳನ್ನು ಕೂಡಿಸಿ ಒಟ್ಟಿಗೆ ಹೊಂದಿಸಿ ನೋಡದೆ ಯಾವ ಸಾರಾಂಶವನ್ನೂ ನಾನು ಕೊಟ್ಟಿಲ್ಲ. ಗೇಣಿಯ ಮುಡಿ ಅಕ್ಕಿಯನ್ನು ಮಾತ್ರ ಕಿಲೋಗೆ ಬದಲಾಯಿಸುವುದಿಲ್ಲ. ಮುಡಿಯ ಅಳತೆ ಊರಿಂದೂರಿಗೆ ಬೇರೆಯಾಗುತ್ತಿದ್ದುದರಿಂದ ಅದನ್ನು ಇದ್ದಂತೆಯೇ ಬರೆಯುತ್ತೇನೆ.

ಆ ಸಾರಾಂಶಕ್ಕೆ ವಕೀಲರು 900 ರೂಪಾಯಿ ಕೊಟ್ಟರು. ಕೆಲಸ ನನ್ನದೆಂದು ಅನ್ನಿಸಿತು. ಆದರೆ ಮನೆಗೆ ಬಂದು ಲೆಕ್ಕ ಹಾಕಿದಾಗ ಸಂತೋಷ ಉಳಿಯಲಿಲ್ಲ. ಮೂರು ತಿಂಗಳಿಗೆ 17 ಕಡತ ಎಂದರೆ ತಿಂಗಳಿಗೆ ಹೆಚ್ಚೆಂದರೆ ಆರು. ಕೆಲವಕ್ಕೆ ಸಾರಾಂಶ, ಕೆಲವಕ್ಕೆ ಪೂರ್ತಿ ಅನುವಾದ ಎಂದು ಸರಾಸರಿ 1,500 ಹಿಡಿದರೂ, ಅಷ್ಟೂ ನನಗೇ ಬಂದರೆ 9,000. ಅರ್ಧದಷ್ಟು ಬಂದರೆ 4,500. ನನ್ನ ಮನೆಗೆ ತಿಂಗಳಿಗೆ ಕನಿಷ್ಠ 16,000 ಬೇಕಾಗಿತ್ತು. ಕೌಶಲ ಇತ್ತು, ಬೇಡಿಕೆಯೂ ಇತ್ತು, ಎದುರಾಳಿಗಳೂ ಕಡಮೆ ಇದ್ದರು, ಆದರೆ ಬೇಡಿಕೆಯ ಗಾತ್ರ ಸಾಲುತ್ತಿರಲಿಲ್ಲ. ಕಿರಿದಾದ ಕ್ಷೇತ್ರವನ್ನು ಆರಿಸುವಾಗ ಈ ಗುಣಾಕಾರವನ್ನು ಮಾಡದೆ ಕೆಲಸ ಬಿಟ್ಟಿದ್ದರೆ ನಾನು ಆರು ತಿಂಗಳಲ್ಲಿ ಸಾಲಕ್ಕೆ ಬೀಳುತ್ತಿದ್ದೆ.

ಹೀಗಾದಾಗ ಕ್ಷೇತ್ರವನ್ನು ಅಗಲಗೊಳಿಸಿ ಎಲ್ಲ ಬಗೆಯ ಅನುವಾದವನ್ನೂ ತೆಗೆದುಕೊಳ್ಳಬೇಕೆಂದು ಮೊದಲು ತೋಚಿತು. ಒಂದು ತಿಂಗಳು ಹಾಗೆ ಮಾಡಿಯೂ ನೋಡಿದೆ. ಮದುವೆ ಕರೆಯೋಲೆಯಿಂದ ಔಷಧದ ಕರಪತ್ರದವರೆಗೆ ಬಂತು, ಪ್ರತಿಯೊಂದಕ್ಕೂ ಹೊಸದಾಗಿ ಕಲಿಯಬೇಕಾಗಿ ಗಂಟೆಗೆ ಸಿಕ್ಕಿದ ಹಣ ನೂರನ್ನೂ ದಾಟಲಿಲ್ಲ. ಆಮೇಲೆ ಬೇರೆ ರೀತಿಯಲ್ಲಿ ಯೋಚಿಸಿದೆ. ಕೆಲಸ ಅದೇ ಇರಲಿ, ಅದು ಬೇಕಾದವರು ವಕೀಲರಲ್ಲದೆ ಇನ್ನು ಯಾರು ಎಂದು.

ಉತ್ತರ ನಮ್ಮ ಕುಟುಂಬದಲ್ಲೇ ಇತ್ತು. ಬೆಂಗಳೂರಿನಲ್ಲಿರುವ ನನ್ನ ದೊಡ್ಡಮ್ಮನ ಮಗ, ಇಲ್ಲಿನ ಜಾಗದ ಪಾಲಿಗಾಗಿ ಎರಡು ವರ್ಷದಲ್ಲಿ ಐದು ಸಲ ರಜೆ ಹಾಕಿ ಬಂದಿದ್ದ. ಅವನ ಕೈಯಲ್ಲಿದ್ದ ಕಟ್ಟಿನಲ್ಲಿ ಅಜ್ಜನ ಕಾಲದ ಪತ್ರಗಳು ಕನ್ನಡದಲ್ಲಿ, 1970ರ ನಂತರದ ಭೂಸುಧಾರಣೆಯ ಕಾಗದಗಳು ಮತ್ತು ತೆರಿಗೆ ರಶೀದಿಗಳು ಮಲಯಾಳದಲ್ಲಿ ಇದ್ದವು. ಒಂದನ್ನು ಕೈಬರಹದಿಂದಾಗಿ, ಇನ್ನೊಂದನ್ನು ಲಿಪಿಯಿಂದಾಗಿ ಅವನು ಓದಲಾರ. ವಕೀಲರನ್ನು ಕಾಣುವ ಮೊದಲು ತನ್ನ ಕೈಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯುವುದಷ್ಟೇ ಅವನಿಗೆ ಬೇಕಾಗಿತ್ತು. ಮಂಗಳೂರು, ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳಲ್ಲಿ ಇಂಥ ಮನೆಗಳು ನಮ್ಮ ಜಿಲ್ಲೆಯಿಂದ ಎಷ್ಟು ಹೋಗಿವೆಯೆಂದು ಊರಿನವರಿಗೆ ಗೊತ್ತಿದೆ. ಪರಿಚಯದ ಹನ್ನೆರಡು ಮನೆಗಳಿಗೆ ಫೋನು ಮಾಡಿ, ಈ ಕಾಗದಗಳಿಗಾಗಿ ಕಳೆದ ವರ್ಷ ಎಷ್ಟು ಸಲ ಬಂದಿರಿ, ಎಷ್ಟು ಖರ್ಚಾಯಿತು ಎಂದು ಕೇಳಿದೆ. ಐದು ಮನೆಯವರು ಒಂದಕ್ಕಿಂತ ಹೆಚ್ಚು ಸಲ ಬಂದಿದ್ದರು. ಅವರು ನನ್ನ ದರವನ್ನು ಹೋಲಿಸಿ ನೋಡುತ್ತಿದ್ದದ್ದು ಬೇರೆ ಅನುವಾದಕರ ದರದೊಂದಿಗಲ್ಲ, ಒಂದು ಪ್ರಯಾಣದ ಖರ್ಚು ಮತ್ತು ಎರಡು ದಿನದ ರಜೆಯೊಂದಿಗೆ. ಹತ್ತು ಹನ್ನೆರಡು ದಸ್ತಾವೇಜುಗಳ ಒಂದು ಕಟ್ಟನ್ನು ಇಸವಿಯ ಕ್ರಮದಲ್ಲಿ ಜೋಡಿಸಿ, ಒಂದೊಂದಕ್ಕೂ ಹತ್ತು ಸಾಲಿನ ಸಾರಾಂಶ ಬರೆದು, ನಡುವೆ ಕಾಣೆಯಾದ ಕೊಂಡಿ ಯಾವುದೆಂದು ಗುರುತಿಸಿ ಕೊಡುವುದಕ್ಕೆ 3,500 ರೂಪಾಯಿ ಎಂದಾಗ ಯಾರೂ ಚೌಕಾಸಿ ಮಾಡಲಿಲ್ಲ. ತಿಂಗಳಿಗೆ ಇಂಥ ನಾಲ್ಕು ಕಟ್ಟು ಬಂದರೆ 14,000. ವಕೀಲರ 4,500 ಸೇರಿದರೆ 18,500. ಈ ಗುಣಾಕಾರ ಮನೆಯ ಖರ್ಚನ್ನು ದಾಟಿತು.

ನೌಕರಿಯಲ್ಲಿದ್ದುಕೊಂಡೇ ಇದನ್ನೆಲ್ಲ ಮಾಡುವಾಗ ಒಂದು ಎಚ್ಚರ ವಹಿಸಿದ್ದೆ. ನಮ್ಮ ಸಂಸ್ಥೆಯ ಗ್ರಾಹಕರ ಯಾವ ಕಡತವನ್ನೂ ಸಂಜೆಯ ಕೆಲಸವಾಗಿ ಮುಟ್ಟಲಿಲ್ಲ, ಅವರ ಹೆಸರುಗಳನ್ನು ಸಂಪರ್ಕಕ್ಕಾಗಿ ಬಳಸಲಿಲ್ಲ. ಅದರಿಂದ ಸಿಗಬಹುದಾಗಿದ್ದ ಕೆಲಸ ಕೈತಪ್ಪಿತು ನಿಜ, ಆದರೆ ಜಮೀನಿನ ಕಾಗದವನ್ನು ಜನ ನಂಬಿಕೆಯಿಂದ ಕೊಡುತ್ತಾರೆ. ಮೂರು ತಿಂಗಳು ಸತತವಾಗಿ ಸಂಜೆಯ ಗಳಿಕೆ 10,000 ದಾಟಿದ ಮೇಲೆ, ಐದು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿಟ್ಟು, ರಾಜೀನಾಮೆ ಕೊಟ್ಟೆ.

ಬಿಟ್ಟ ಮೇಲೆ ದರದ ವಿಷಯದಲ್ಲಿ ಪೆಟ್ಟು ತಿಂದೆ. ಫೋನಿನಲ್ಲಿ ಪುಟಗಳ ಸಂಖ್ಯೆಯನ್ನಷ್ಟೇ ಕೇಳಿ ಒಪ್ಪಿಕೊಂಡ ಒಂದು ಪಾಲುಪಟ್ಟಿಯ ನಕಲು ಎಷ್ಟು ಮಸುಕಾಗಿತ್ತೆಂದರೆ, 900 ರೂಪಾಯಿಯ ಸಾರಾಂಶಕ್ಕೆ ಒಂಬತ್ತು ಗಂಟೆ ಹಿಡಿಯಿತು. ಈಗ ಯಾವ ಕೆಲಸವಾದರೂ ಮೊದಲ ಪುಟ ಮತ್ತು ತಪಶೀಲಿನ ಪುಟದ ಫೋಟೋ ತರಿಸಿಕೊಂಡು, ಅರ್ಧ ಪುಟ ಓದಿ ಸಮಯ ನೋಡಿಕೊಂಡು, ಆಮೇಲೆ ದರ ಹೇಳುತ್ತೇನೆ. ಓದಲಾಗದ ಪದವನ್ನು ಊಹಿಸಿ ತುಂಬುವುದಿಲ್ಲ. ಚೌಕದೊಳಗೆ ‘ಅಸ್ಪಷ್ಟ’ ಎಂದು ಬರೆದು ಪುಟ ಮತ್ತು ಸಾಲಿನ ಸಂಖ್ಯೆ ಕೊಡುತ್ತೇನೆ.

ಈ ಕೆಲಸದ ಗಡಿಯನ್ನೂ ಗೊತ್ತುಮಾಡಿಕೊಳ್ಳಬೇಕಾಯಿತು. ಹೊಸ ದಸ್ತಾವೇಜು ಬರೆದುಕೊಡಲು ಕೇರಳದಲ್ಲಿ ಪರವಾನಗಿ ಬೇಕು, ನನಗೆ ಅದಿಲ್ಲ, ಹಾಗಾಗಿ ಬರೆಯುವುದಿಲ್ಲ. ಹಳೆಯ ಸರ್ವೆ ನಂಬ್ರಕ್ಕೆ ಮರುಸರ್ವೆಯ ನಂತರದ ನಂಬ್ರ ಯಾವುದೆಂದು ನಾನು ತೀರ್ಮಾನಿಸುವುದಿಲ್ಲ, ಅದು ಗ್ರಾಮ ಕಚೇರಿಯ ದಾಖಲೆಯಿಂದಲೇ ಬರಬೇಕು. ಅನುವಾದವನ್ನು ದೃಢೀಕರಿಸಬೇಕಾದರೆ, 1952ರ ನೋಟರಿ ಕಾಯಿದೆಯಲ್ಲಿ ಅದಕ್ಕೆ ಅವಕಾಶವಿರುವುದರಿಂದ, ನೋಟರಿಯವರ ಬಳಿಗೆ ಕಳುಹಿಸುತ್ತೇನೆ. ಎಲ್ಲಕ್ಕಿಂತ ಕಷ್ಟವಾದದ್ದು “ಹಾಗಾದರೆ ಈ ಜಾಗ ನಮ್ಮದೇ ಅಲ್ಲವೇ?” ಎಂಬ ಪ್ರಶ್ನೆ. ಒಬ್ಬ ಹಿರಿಯರು ಮುಂಬೈಯಿಂದ ಮೂರು ಸಲ ಫೋನು ಮಾಡಿ ಅದನ್ನೇ ಕೇಳಿದರು. ಕಾಗದದಲ್ಲಿ ಏನು ಬರೆದಿದೆ ಎಂದು ಹೇಳಬಲ್ಲೆ, ಹಕ್ಕು ಯಾರದೆಂದು ವಕೀಲರೇ ಹೇಳಬೇಕು ಎಂದು ಮೂರು ಸಲವೂ ಹೇಳಿದೆ.

ಬಿಟ್ಟು ಒಂದೂವರೆ ವರ್ಷವಾಯಿತು. ಬೇಸಿಗೆಯಲ್ಲಿ ನ್ಯಾಯಾಲಯಕ್ಕೆ ರಜೆಯಿರುವಾಗ ವಕೀಲರ ಕೆಲಸ ಬಹುಮಟ್ಟಿಗೆ ನಿಲ್ಲುತ್ತದೆ. ಜುಲೈ, ಆಗಸ್ಟಿನಲ್ಲಿ ಕೊಲ್ಲಿಯಿಂದ ಊರಿಗೆ ಬರುವವರ ಕಟ್ಟುಗಳು ಒಟ್ಟಿಗೆ ಬರುತ್ತವೆ. ಕಳೆದ ತಿಂಗಳು ಕುಂದಾಪುರದ ಕಡೆಯ ಒಂದು ಕಟ್ಟು ಬಂದಿತ್ತು. ಕೈಬರಹ ಓದಬಲ್ಲೆನಾದರೂ ಅಲ್ಲಿನ ಕೆಲವು ಮಾತುಗಳ ಅರ್ಥ ನನಗೆ ಖಚಿತವಿರಲಿಲ್ಲ, ಮಲಯಾಳದ ದಾಖಲೆಯೂ ಅದರಲ್ಲಿರಲಿಲ್ಲ. ಅದನ್ನು ಆ ಕಡೆಯ ದಸ್ತಾವೇಜು ಬರಹಗಾರರೊಬ್ಬರಿಗೆ ಕಳುಹಿಸಿಕೊಟ್ಟೆ. ಈ ವಾರ ಮೇಜಿನ ಮೇಲೆ ಅಡೂರಿನ ಒಂದು ಪಾಲುಪಟ್ಟಿ ಇದೆ. ಅದರ ನಾಲ್ಕನೆಯ ಪುಟದಲ್ಲಿ ತೆಂಕು ಗಡಿಯ ಸಾಲು ಮಡಿಕೆಯೊಳಗೆ ಹೋಗಿದೆ, ಮೂಲಪ್ರತಿಯ ಫೋಟೋ ಬರುವವರೆಗೆ ಅದು ಹಾಗೆಯೇ ಇರಬೇಕು.